ಸೈಜ್ ಇಳೀಬೇಕು, ಅಕ್ಷರ ಅಳೀಬಾರ್ದು

ಅರ್ಜಿ ತುಂಬುವಾಗ ಎಲ್ಲ ಕಾಲಂ ಮುಗಿದ ಮೇಲೆ ಕೊನೆಗೊಂದು ಸಾಲು ಕಾದು ಕೂತಿರುತ್ತೆ: ‘ಎಲ್ಲ ದಾಖಲೆಗಳೂ ಒಂದೇ ಪಿಡಿಎಫ್‌ನಲ್ಲಿ, ಗರಿಷ್ಠ 1 ಎಂಬಿ.’ ನಮ್ಮ ಫೋನ್‌ನಲ್ಲಿರೋ ಫೈಲ್ ನೋಡಿದರೆ 23 ಎಂಬಿ. ಆಗ ಎಲ್ಲರೂ ಮಾಡೋದು ಒಂದೇ ಕೆಲಸ. ‘ಕಂಪ್ರೆಸ್ ಪಿಡಿಎಫ್’ ಅಂತ ಹುಡುಕಿ, ಮೊದಲು ಸಿಕ್ಕ ಜಾಲತಾಣಕ್ಕೆ ಫೈಲ್ ಹಾಕಿ, ಅತಿ ಹೆಚ್ಚು ಕುಗ್ಗಿಸುವ ಬಟನ್ ಒತ್ತಿಬಿಡೋದು. ಹಸಿರು ಟಿಕ್ ಬರುತ್ತೆ, ಅಪ್‌ಲೋಡ್ ಆಗುತ್ತೆ, ನಿದ್ದೆನೂ ಬರುತ್ತೆ.

ಆದರೆ ಆ ಫೈಲ್ ದಾಟಬೇಕಾದ ಬಾಗಿಲು ಎರಡು. ಮೊದಲನೆಯ ಬಾಗಿಲಲ್ಲಿ ಕಂಪ್ಯೂಟರ್ ಕೂತಿದೆ. ಅದು ತೂಕ ಮಾತ್ರ ನೋಡುತ್ತೆ, ಓದಲ್ಲ. ಎರಡನೆಯ ಬಾಗಿಲಲ್ಲಿ ಎಷ್ಟೋ ದಿನ ಆದ ಮೇಲೆ ಒಬ್ಬ ಮನುಷ್ಯ ಕೂತು ನಿಮ್ಮ ರಿಜಿಸ್ಟರ್ ನಂಬರ್, ಅಂಕ, ಹುಟ್ಟಿದ ದಿನಾಂಕ ಓದಲು ನೋಡ್ತಾನೆ. ಅಲ್ಲಿ ‘ದಾಖಲೆ ಸ್ಪಷ್ಟವಾಗಿಲ್ಲ’ ಅಂತ ಬರೆದ ಹೊತ್ತಿಗೆ ಅರ್ಜಿ ತಿದ್ದುವ ಗಡುವು ಮುಗಿದಿರಬಹುದು. ಹಾಗಾಗಿ ಈ ವಾರ ಎರಡೂ ಬಾಗಿಲು ದಾಟುವ ಫೈಲ್ ಮಾಡೋದು ಹೇಗೆ ಅಂತ ನೋಡೋಣ. ಲೆಕ್ಕ ಸ್ವಲ್ಪ ಇದೆ, ಆದರೆ ಕಿರಾಣಿ ಅಂಗಡಿ ಲೆಕ್ಕಕ್ಕಿಂತ ಕಷ್ಟ ಏನಲ್ಲ.

ಒಳಗಿರೋದು ಅಕ್ಷರ ಅಲ್ಲ, ಫೋಟೊ

ಪಿಡಿಎಫ್ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಸರ್ಕಾರದ ತಾಣದಿಂದ ನೇರವಾಗಿ ಇಳಿಸಿಕೊಂಡ ಪ್ರಮಾಣಪತ್ರದಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ. ಎರಡು ಬೆರಳಲ್ಲಿ ಎಷ್ಟೇ ಹಿಗ್ಗಿಸಿ, ಅಂಚು ಚೂಪಾಗೇ ಕಾಣುತ್ತೆ. ಫೈಲ್ ಕೂಡ ಹಗುರ. ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಗಲ್ಲ. ಅದು ಪುಟಕ್ಕೊಂದರಂತೆ ಫೋಟೊಗಳನ್ನು ಪೋಣಿಸಿದ ಆಲ್ಬಂ. ಹಿಗ್ಗಿಸ್ತಾ ಹೋದರೆ ಅಕ್ಷರದ ಅಂಚು ಮಸುಕಾಗಿ, ಕೊನೆಗೆ ಚಿಕ್ಕ ಚಿಕ್ಕ ಚೌಕಗಳು ಕಾಣಿಸಿಕೊಳ್ಳುತ್ತವೆ. ಆ ಚೌಕಗಳೇ ಪಿಕ್ಸೆಲ್.

ಸ್ಕ್ಯಾನ್ ಫೈಲ್ ಕುಗ್ಗಿಸೋದು ಅಂದರೆ ಈ ಫೋಟೊಗಳನ್ನು ಕುಗ್ಗಿಸೋದು. ಅದಕ್ಕಿರೋ ದಾರಿ ಎರಡೇ. ಒಂದು, ಪಿಕ್ಸೆಲ್‌ಗಳ ಸಂಖ್ಯೆ ಕಡಿಮೆ ಮಾಡೋದು. ಇನ್ನೊಂದು, ಇರುವ ಪಿಕ್ಸೆಲ್‌ಗಳ ವಿವರವನ್ನು ಒರಟಾಗಿ ಬರೆದಿಡೋದು; ಫೋಟೊ ಉಳಿಸುವಾಗ ಕೇಳುವ ‘ಕ್ವಾಲಿಟಿ’ ಅನ್ನೋದು ಇದೇ. ಕಂಪ್ರೆಸ್ ಬಟನ್ ಎರಡನ್ನೂ ಒಟ್ಟಿಗೆ, ನಿಮ್ಮನ್ನು ಕೇಳದೆ ಮಾಡುತ್ತೆ. ನಿಮ್ಮ ಕಾಗದದಲ್ಲಿ ಅತಿ ಸಣ್ಣ ಅಕ್ಷರ ಎಷ್ಟು ಸಣ್ಣದಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ನಿಮಗೆ ಗೊತ್ತಿದೆ. ಇಡೀ ಆಟ ಇರೋದು ಇಲ್ಲೇ.

ಒಂದು ಮಿಲಿಮೀಟರ್‌ಗೆ ಎಷ್ಟು ಪಿಕ್ಸೆಲ್?

ಸ್ಕ್ಯಾನ್ ವಿಷಯ ಬಂದಾಗೆಲ್ಲ ಡಿಪಿಐ ಅಂತಾರೆ. ಒಂದು ಇಂಚು ಕಾಗದಕ್ಕೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ ಅದು. ಅಕ್ಷರವನ್ನು ಇಂಚಲ್ಲಿ ಅಳೆಯೋಕೆ ಆಗಲ್ಲ ನೋಡಿ, ಅದಕ್ಕೇ ನಾನು ಮಿಲಿಮೀಟರ್‌ಗೆ ತಿರುಗಿಸಿ ಇಟ್ಕೊಂಡಿದ್ದೀನಿ. 300 ಡಿಪಿಐ ಅಂದರೆ ಮಿಲಿಮೀಟರ್‌ಗೆ ಸುಮಾರು 12 ಪಿಕ್ಸೆಲ್. 150 ಅಂದರೆ 6. 72 ಅಂದರೆ ಮೂರಕ್ಕಿಂತ ಒಂಚೂರು ಕಡಿಮೆ.

ಈಗ ಮಾರ್ಕ್ಸ್ ಕಾರ್ಡ್ ಕೈಗೆತ್ತಿಕೊಂಡು ಶಾಲೆಯ ಸ್ಕೇಲ್ ಇಟ್ಟು ಅಳೆಯಿರಿ. ವಿಷಯದ ಕೋಡ್, ಅಂಕಗಳು ಸಾಮಾನ್ಯವಾಗಿ 2 ಮಿಲಿಮೀಟರ್ ಎತ್ತರ ಇರುತ್ತವೆ. 150 ಡಿಪಿಐನಲ್ಲಿ ಆ ಅಂಕಿಗೆ 12 ಪಿಕ್ಸೆಲ್ ಎತ್ತರ ಸಿಗುತ್ತೆ. 12 ಸಾಲು ಚುಕ್ಕೆಯಲ್ಲಿ 3, 8, 6 ಮೂರೂ ಬೇರೆ ಬೇರೆಯಾಗಿ ಬಿಡಿಸಬಹುದು. 72 ಡಿಪಿಐನಲ್ಲಿ ಅದೇ ಅಂಕಿಗೆ ಐದಾರು ಪಿಕ್ಸೆಲ್ ಅಷ್ಟೇ. ಅಷ್ಟರಲ್ಲಿ 8ರ ಹೊಟ್ಟೆಯೊಳಗಿನ ಎರಡು ತೂತುಗಳಿಗೆ ಜಾಗವೇ ಇರಲ್ಲ, ಮುಚ್ಚಿಹೋಗುತ್ತವೆ. 3 ಕೂಡ 8ರ ಥರ ಕಾಣುತ್ತೆ.

ಕನ್ನಡದ ಕಾಗದ ಆದರೆ ಇನ್ನೂ ಬಿಗಿ. ಇಂಗ್ಲಿಷ್ ಅಕ್ಷರ ಒಂದೇ ಸಾಲಲ್ಲಿ ನಿಲ್ಲುತ್ತೆ. ನಮ್ಮದಕ್ಕೆ ಕೆಳಗೆ ಒತ್ತು ಬೇರೆ. ಸಣ್ಣ ಮುದ್ರಣದಲ್ಲಿ ಒತ್ತಕ್ಷರ 1 ಮಿಲಿಮೀಟರ್ ಎತ್ತರ ಇದ್ದರೆ ಹೆಚ್ಚು. 150ರಲ್ಲಿ ಅದಕ್ಕೆ 6 ಪಿಕ್ಸೆಲ್, ಕಷ್ಟಪಟ್ಟು ಓದಬಹುದು. 72ರಲ್ಲಿ 3 ಪಿಕ್ಸೆಲ್, ಅಂದರೆ ಒಂದು ಮಸಿ ಚುಕ್ಕೆ. ‘ದ’ಕ್ಕೂ ‘ಧ’ಕ್ಕೂ ಇರೋ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ‘ಪ’ಕ್ಕೂ ‘ಷ’ಕ್ಕೂ ಇರೋದು ಒಳಗಿನ ಒಂದು ಗೆರೆ. ಮೊದಲು ಅಳಿಸಿಹೋಗೋದು ಇವೇ.

ಹಾಗಾಗಿ ನನ್ನ ಕೈಲೆಕ್ಕ ಇಷ್ಟು: ಅಂಕಿಗೆ ಕನಿಷ್ಠ 10 ಪಿಕ್ಸೆಲ್ ಎತ್ತರ, ಒತ್ತಕ್ಷರಕ್ಕೆ ಕನಿಷ್ಠ 6. ಮಾಮೂಲಿ ಎ4 ಕಾಗದಕ್ಕೆ ಇದು 150 ಡಿಪಿಐ, ಅಂದರೆ 1240 ಪಿಕ್ಸೆಲ್ ಅಗಲ, 1754 ಪಿಕ್ಸೆಲ್ ಎತ್ತರ. ಸಣ್ಣ ಅಕ್ಷರದ ಕ್ರಯಪತ್ರ, ಹಳೇ ಪಹಣಿ ಥರದ್ದಾದರೆ 200 ಡಿಪಿಐ, ಅಂದರೆ 1654 ಪಿಕ್ಸೆಲ್ ಅಗಲ ಬೇಕು. ಇದಕ್ಕಿಂತ ಕೆಳಗೆ ಇಳಿಯೋ ಮುಂಚೆ ಬೇರೆ ಎಲ್ಲ ದಾರಿ ನೋಡಿ.

ಒಂಬತ್ತು ಪುಟ, ಒಂದು ಎಂಬಿ

ಒಂದು ನಿಜವಾದ ಫೈಲ್ ತಗೊಳ್ಳೋಣ. ನನ್ನ ಚಿಕ್ಕಪ್ಪನ ಮಗಳು ಒಂದು ಕೆಲಸಕ್ಕೆ ಅರ್ಜಿ ಹಾಕ್ತಿದ್ದಳು. ಆರು ಸೆಮಿಸ್ಟರ್‌ನ ಆರು ಮಾರ್ಕ್ಸ್ ಕಾರ್ಡ್, ಒಂದು ಪದವಿ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಎರಡು ಪುಟ. ಒಟ್ಟು ಒಂಬತ್ತು. ಮಂಚದ ಮೇಲೆ ಹಾಸಿದ ಹೂವಿನ ಬೆಡ್‌ಶೀಟ್ ಮೇಲಿಟ್ಟು ಫೋನ್‌ನಲ್ಲಿ ಫೋಟೊ ತೆಗೆದು ಪಿಡಿಎಫ್ ಮಾಡಿದ್ದಳು. ಪುಟಕ್ಕೆ ಎರಡೂವರೆ ಎಂಬಿಯಂತೆ 23 ಎಂಬಿ ಹತ್ತಿರ ಬಂದಿತ್ತು. ಆನ್‌ಲೈನ್ ಕಂಪ್ರೆಸರ್‌ಗೆ ಹಾಕಿ 600 ಕೆಬಿಗೆ ಇಳಿಸಿ ನನಗೆ ಕಳಿಸಿದಳು.

“ಅಕ್ಕಾ, ಒಂದು ಎಂಬಿ ಒಳಗೆ ಬಂತಲ್ಲ, ಸಾಕಲ್ವಾ?”

“ಮೂರನೇ ಪುಟದ ರಿಜಿಸ್ಟರ್ ನಂಬರ್ ನೀನೇ ಓದಿ ಹೇಳು ನೋಡೋಣ.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ನಂಗೆ ಬಾಯಿಪಾಠ ಇದೆ ಅಕ್ಕ, ಆದ್ರೆ ಇಲ್ಲಿ ಕಾಣ್ತಿಲ್ಲ.”

ಇದೇ ನೋಡಿ ಮೋಸ ಹೋಗೋ ಜಾಗ. ನಮ್ಮ ಕಾಗದ ನಮಗೆ ಗೊತ್ತಿರೋದ್ರಿಂದ ಮಸುಕಾಗಿದ್ದರೂ ಓದಿದ ಹಾಗೆ ಅನಿಸುತ್ತೆ. ಅಲ್ಲಿ ಕೂತವರಿಗೆ ಅದು ಬಾಯಿಪಾಠ ಇರಲ್ಲ.

ಮೊದಲು ಬಜೆಟ್ ಹಾಕಿದ್ವಿ. ಮಿತಿ 1 ಎಂಬಿ ಅಂದರೆ ಅಂಚಿಗೆ ಹೋಗಬಾರದು. ಕೆಲವು ಕಡೆ ಒಂದು ಕೆಬಿ ಅಂದರೆ 1000 ಬೈಟ್, ಕೆಲವು ಕಡೆ 1024. ಹಾಗಾಗಿ ವಿಂಡೋಸ್ ಕಂಪ್ಯೂಟರ್ ‘500 ಕೆಬಿ’ ಅಂತ ತೋರಿಸೋ ಫೈಲ್ ಇನ್ನೊಂದು ಲೆಕ್ಕದಲ್ಲಿ 512 ಕೆಬಿ. ಮಿತಿಗಿಂತ ಶೇಕಡಾ ಐದರಷ್ಟು ಕೆಳಗೆ ನಿಂತರೆ ಈ ಗೊಂದಲದ ಗೋಜಿಲ್ಲ. ನಮ್ಮ ಗುರಿ 950 ಕೆಬಿ. ಒಂಬತ್ತರಿಂದ ಭಾಗಿಸಿದರೆ ಪುಟಕ್ಕೆ 105 ಕೆಬಿ. ಆದರೆ ಎಲ್ಲ ಪುಟಕ್ಕೂ ಸಮವಾಗಿ ಹಂಚಬೇಕು ಅಂತೇನೂ ಇಲ್ಲ. ಇದನ್ನ ನೆನಪಿಡಿ.

ಸ್ಕ್ಯಾನ್ ಮಾಡೋದೇ ಬೇಡದ ಪುಟ

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿ ತಾಣದಿಂದ ಇಳಿಸಿಕೊಂಡಿದ್ದು. ಅವಳು ಅದನ್ನ ಪ್ರಿಂಟ್ ಹಾಕಿಸಿ, ಆ ಪ್ರಿಂಟ್‌ನ ಫೋಟೊ ತೆಗೆದಿದ್ದಳು! ಚೂಪಾದ ಅಕ್ಷರವನ್ನ ಕಾಗದ ಮಾಡಿ, ಕಾಗದವನ್ನ ಫೋಟೊ ಮಾಡಿ, ಫೋಟೊವನ್ನ ಮತ್ತೆ ಕುಗ್ಗಿಸಿದ ಹಾಗಾಯ್ತು. ಮೂಲ ಪಿಡಿಎಫ್ ಹುಡುಕಿ ತೆಗೆಸಿದೆ. ಎರಡೂ ಸೇರಿ 150 ಕೆಬಿ, ಫೋಟೊ ಪ್ರತಿಗಿಂತ ಎಷ್ಟೋ ಪಾಲು ಸ್ಪಷ್ಟ. ಡಿಜಿಲಾಕರ್‌ನಲ್ಲಿ ನಿಮ್ಮ ಮಾರ್ಕ್ಸ್ ಕಾರ್ಡ್ ಇದ್ದರೆ ಅದಕ್ಕೂ ಇದೇ ಮಾತು. ಕುಗ್ಗಿಸೋ ಮೊದಲು ಕೇಳಿಕೊಳ್ಳಿ, ಈ ಕಾಗದದ ಹುಟ್ಟು ಫೈಲ್ ಎಲ್ಲಾದರೂ ಇದೆಯಾ ಅಂತ.

ಒಂದು ಎಚ್ಚರಿಕೆ. ಇಂಥ ಫೈಲ್‌ನಲ್ಲಿ ಡಿಜಿಟಲ್ ಸಹಿ ಇದ್ದರೆ, ಬೇರೆ ಪುಟಗಳ ಜೊತೆ ಸೇರಿಸಿದಾಗ ಅಥವಾ ಕುಗ್ಗಿಸಿದಾಗ ಆ ಸಹಿಯ ಪರಿಶೀಲನೆ ಕೆಲಸ ಮಾಡಲ್ಲ. ನೋಡೋಕೆ ಪುಟ ಹಾಗೇ ಇರುತ್ತೆ. ಓದೋಕೆ ಸಾಕು ಅಂದರೆ ತೊಂದರೆ ಇಲ್ಲ. ಸಹಿ ಇರುವ ಮೂಲ ಫೈಲೇ ಬೇಕು ಅಂತ ಕೇಳಿದ್ದರೆ ಅದನ್ನ ಮುಟ್ಟದೆ ಹಾಗೇ ಹಾಕಿ.

ಈಗ ಉಳಿದ ಏಳು ಪುಟಕ್ಕೆ 800 ಕೆಬಿ ಸಿಕ್ಕಿತು. ಪುಟಕ್ಕೆ 114. ಇದು ಬದುಕೋ ಬಜೆಟ್.

ಬೆಡ್‌ಶೀಟ್‌ನ ಹೂವಿಗೂ ತೂಕ ಇದೆ

ಫೋಟೊ ಕುಗ್ಗಿಸುವ ವಿಧಾನಕ್ಕೆ ಬಿಳಿ ಜಾಗ ಅಂದರೆ ಬಹಳ ಇಷ್ಟ. ‘ಇಲ್ಲಿಂದ ಅಲ್ಲಿವರೆಗೆ ಎಲ್ಲ ಬಿಳಿ’ ಅಂತ ಒಂದೇ ಮಾತಲ್ಲಿ ಬರೆದು ಮುಗಿಸುತ್ತೆ. ಆದರೆ ಅಂಚಿನಲ್ಲಿ ಬೆಡ್‌ಶೀಟ್‌ನ ಹೂವು, ಕಾಗದದ ಮೇಲೆ ನಿಮ್ಮದೇ ತಲೆಯ ನೆರಳು, ಮಂದ ಬೆಳಕಲ್ಲಿ ತೆಗೆದ ಫೋಟೊದ ಕಾಳುಕಾಳು ಇದ್ದರೆ, ಪ್ರತಿಯೊಂದಕ್ಕೂ ಕೆಬಿ ಖರ್ಚು ಮಾಡುತ್ತೆ. ಅಕ್ಷರಕ್ಕೆ ಹೋಗಬೇಕಾದ ಬಜೆಟ್ ಹೂವಿಗೆ ಹೋಗುತ್ತೆ.

ಅದಕ್ಕೇ ಮತ್ತೆ ಸ್ಕ್ಯಾನ್ ಮಾಡು ಅಂದೆ. ಬೆಳಗ್ಗೆ ಹತ್ತು ಗಂಟೆಗೆ, ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ. ಕಾಗದ ಒಂದೇ ಬಣ್ಣದ ಮೇಜಿನ ಮೇಲೆ. ಮಾಮೂಲಿ ಕ್ಯಾಮೆರಾ ಬದಲು ಸ್ಕ್ಯಾನ್ ಆ್ಯಪ್‌ನಲ್ಲಿ. ಗೂಗಲ್ ಡ್ರೈವ್‌ನಲ್ಲೂ ಸ್ಕ್ಯಾನ್ ಇದೆ, ಐಫೋನ್‌ನ ನೋಟ್ಸ್‌ನಲ್ಲೂ ಇದೆ. ಇವು ಕಾಗದದ ನಾಲ್ಕು ಮೂಲೆ ಹುಡುಕಿ ಹೊರಗಿನದ್ದು ಕತ್ತರಿಸುತ್ತವೆ, ಓರೆಯನ್ನ ನೇರ ಮಾಡುತ್ತವೆ, ಹಿನ್ನೆಲೆಯನ್ನ ಬಿಳಿ ಮಾಡುತ್ತವೆ. ಪಿಕ್ಸೆಲ್ ಒಂದನ್ನೂ ಅಕ್ಷರದಿಂದ ಕಿತ್ತುಕೊಳ್ಳದೆ ತೂಕ ಇಳಿಯೋದು ಇಲ್ಲಿ ಮಾತ್ರ.

ಆಮೇಲೆ ಬಣ್ಣ. ಅಧಿಸೂಚನೆಯಲ್ಲಿ ಕಲರ್ ಸ್ಕ್ಯಾನ್ ಬೇಕು ಅಂತ ಇಲ್ಲದಿದ್ದರೆ ಗ್ರೇಸ್ಕೇಲ್ ಆರಿಸಿ. ಇದರಿಂದ ಸೈಜ್ ಮೂರನೇ ಒಂದಕ್ಕೆ ಇಳಿಯುತ್ತೆ ಅಂತ ನಿರೀಕ್ಷೆ ಬೇಡ. ಫೋಟೊ ಫೈಲ್‌ನಲ್ಲಿ ಬಣ್ಣದ ವಿವರವನ್ನ ಮೊದಲೇ ಒರಟಾಗಿ ಇಟ್ಟಿರ್ತಾರೆ, ಅದರ ಪಾಲು ಕಡಿಮೆ. ಒಂದಿಷ್ಟು ಉಳಿತಾಯ ಇದೆ, ಅಕ್ಷರಕ್ಕೆ ಹಾನಿ ಇಲ್ಲ, ಅಷ್ಟೇ ಲಾಭ.

ಪಿಕ್ಸೆಲ್ ಮೊದಲು, ಕ್ವಾಲಿಟಿ ಕೊನೆಗೆ

ಈಗ ನಿಜವಾದ ಕುಗ್ಗಿಸುವಿಕೆ. ಅವಳ ಫೋನ್ ಕೊಟ್ಟಿದ್ದು 4000 ಪಿಕ್ಸೆಲ್ ಎತ್ತರದ ಚಿತ್ರ. ಅದನ್ನ 1754 ಎತ್ತರ, 1240 ಅಗಲಕ್ಕೆ ಇಳಿಸಿದ್ವಿ. ಎರಡೂ ಕಡೆ ಅರ್ಧಕ್ಕಿಂತ ಕಡಿಮೆ ಆದ್ದರಿಂದ ಒಟ್ಟು ಪಿಕ್ಸೆಲ್ ಐದನೇ ಒಂದಕ್ಕೆ ಹತ್ತಿರ ಬಂತು. ಫೋನ್‌ನಲ್ಲಿ ಮಾಡುವುದಾದರೆ, ಅಗಲ ಎಷ್ಟು ಅಂತ ಅಂಕಿ ಹಾಕೋಕೆ ಬಿಡುವ ಯಾವುದೇ ಫೋಟೊ ರೀಸೈಜ್ ಆ್ಯಪ್ ಸಾಕು. ಏಳು ಪುಟವನ್ನೂ ಚಿತ್ರಗಳಾಗಿ ಉಳಿಸಿ, 1240 ಅಗಲಕ್ಕೆ ಇಳಿಸಿ, ಕ್ವಾಲಿಟಿ 60 ಇಟ್ಟು, ಮತ್ತೆ ಪಿಡಿಎಫ್ ಮಾಡೋದು.

ಕ್ವಾಲಿಟಿಯನ್ನ ಇನ್ನೂ ಇಳಿಸಬಹುದಲ್ವಾ ಅಂತ ಕೇಳಬಹುದು. ಜೆಪೆಗ್ ಚಿತ್ರವನ್ನ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸಿ ಒಂದೊಂದನ್ನೇ ಒರಟು ಮಾಡುತ್ತೆ. ನಮ್ಮ ಅಂಕಿ ಇರೋದೇ 12 ಪಿಕ್ಸೆಲ್ ಎತ್ತರ. ಒಂದು ಚೌಕ ಅಂದರೆ ಅಂಕಿಯ ಎತ್ತರದ ಮೂರನೇ ಎರಡು ಭಾಗ. ಹಾಗಾಗಿ ಕ್ವಾಲಿಟಿ ತೀರಾ ಇಳಿಸಿದರೆ ಅಂಕಿಯ ಸುತ್ತ ಸೊಳ್ಳೆ ಮುತ್ತಿದ ಹಾಗೆ ಬೂದು ಚುಕ್ಕೆಗಳು ಏಳುತ್ತವೆ, ಗೆರೆ ಕದಡುತ್ತೆ. ನಾನು 50ಕ್ಕಿಂತ ಕೆಳಗೆ ಇಳಿಯೋದಿಲ್ಲ.

ಫಲಿತಾಂಶ ಹೀಗಿತ್ತು. ಆರು ಮಾರ್ಕ್ಸ್ ಕಾರ್ಡ್ ಒಂದೊಂದೂ 115 ಕೆಬಿ ಆಸುಪಾಸು, ಒಟ್ಟು 690. ಪದವಿ ಪ್ರಮಾಣಪತ್ರದಲ್ಲಿ ಅಕ್ಷರ ದೊಡ್ಡದು, ಅತಿ ಸಣ್ಣದೇ 3 ಮಿಲಿಮೀಟರ್. ಅದಕ್ಕೆ 1000 ಪಿಕ್ಸೆಲ್ ಅಗಲ ಧಾರಾಳ ಸಾಕು. 70 ಕೆಬಿಗೆ ಬಂತು. ಬಜೆಟ್ ಸಮವಾಗಿ ಹಂಚಬೇಕಿಲ್ಲ ಅಂದಿದ್ದು ಇದಕ್ಕೇ. ನಾಡಕಚೇರಿಯ ಎರಡು ಪುಟ 150. ಎಲ್ಲ ಸೇರಿ 910 ಕೆಬಿ. ಕಂಪ್ರೆಸರ್ ಕೊಟ್ಟಿದ್ದಕ್ಕಿಂತ 310 ಕೆಬಿ ಜಾಸ್ತಿ, ಆದರೆ ಮಿತಿಯೊಳಗೇ ಇದೆ, ಪ್ರತಿ ಅಂಕಿಯೂ ಓದೋಕೆ ಬರುತ್ತೆ. ಮಿತಿ 1 ಎಂಬಿ ಕೊಟ್ಟಾಗ 600 ಕೆಬಿ ಕಳಿಸಿದರೆ ಯಾರೂ ಬಹುಮಾನ ಕೊಡಲ್ಲ. ಉಳಿದ 350 ಕೆಬಿ ನಿಮ್ಮ ಅಕ್ಷರದ ಹಕ್ಕು.

ಲ್ಯಾಪ್‌ಟಾಪ್ ಇದ್ದು, ಗೋಸ್ಟ್‌ಸ್ಕ್ರಿಪ್ಟ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡಿದ್ದರೆ ಸ್ಕ್ಯಾನ್ ಪುಟಗಳಿಗೆ ಈ ಕೆಲಸವನ್ನ ಒಂದೇ ಆಜ್ಞೆಯಲ್ಲಿ ಮುಗಿಸಬಹುದು:

```
gs -sDEVICE=pdfwrite -dPDFSETTINGS=/ebook \
 -sColorConversionStrategy=Gray \
 -dProcessColorModel=/DeviceGray \
 -dColorImageDownsampleThreshold=1.0 \
 -dGrayImageDownsampleThreshold=1.0 \
 -dNOPAUSE -dBATCH -sOutputFile=out.pdf in.pdf
```

ವಿಂಡೋಸ್‌ನಲ್ಲಿ `gs` ಬದಲು `gswin64c` ಅಂತ ಬರೆದು, ಸಾಲಿನ ಕೊನೆಯ ಓರೆಗೆರೆಗಳನ್ನ ತೆಗೆದು ಎಲ್ಲವನ್ನೂ ಒಂದೇ ಸಾಲಲ್ಲಿ ಹಾಕಿ. `/ebook` ಅಂದರೆ 150 ಡಿಪಿಐ. `/screen` ಅಂತ ಇನ್ನೊಂದಿದೆ, ಅದು 72. ದಾಖಲೆಗೆ ಅದರ ಹತ್ತಿರ ಹೋಗಬೇಡಿ. ಕೊನೆಯಲ್ಲಿ `Threshold` ಇರುವ ಎರಡು ಸಾಲು ಯಾಕೆ ಅಂದರೆ, ಅವಿಲ್ಲದಿದ್ದರೆ ಗುರಿಯ ಒಂದೂವರೆ ಪಟ್ಟಿಗಿಂತ ಹೆಚ್ಚಿರುವ ಚಿತ್ರವನ್ನ ಮಾತ್ರ ಇದು ಇಳಿಸುತ್ತೆ. 150ರ ಒಂದೂವರೆ ಪಟ್ಟು 225. ನಿಮ್ಮ ಸ್ಕ್ಯಾನ್ 200 ಡಿಪಿಐ ಇದ್ದರೆ ಪಿಕ್ಸೆಲ್ ಒಂದೂ ಕಡಿಮೆ ಆಗಲ್ಲ. ‘ಇದು ಕೆಲಸವೇ ಮಾಡ್ತಿಲ್ಲ’ ಅಂತ ಎಷ್ಟೋ ಜನ ಕೈಬಿಡೋದು ಇದೇ ಕಾರಣಕ್ಕೆ.

ನಾಲ್ಕೂವರೆ ಅಡಿಯ ಮಾರ್ಕ್ಸ್ ಕಾರ್ಡ್

ಇನ್ನೊಂದು ವಿಚಿತ್ರ ನಿಮಗೂ ಎದುರಾಗಬಹುದು. ಕೆಲವು ಆ್ಯಪ್‌ಗಳು ಫೋಟೊವನ್ನ ಪಿಡಿಎಫ್ ಮಾಡುವಾಗ ಕಾಗದದ ಅಳತೆ ಎಷ್ಟು ಅಂತ ತಲೆಕೆಡಿಸಿಕೊಳ್ಳಲ್ಲ. ಇಂಚಿಗೆ 72 ಪಿಕ್ಸೆಲ್ ಅಂತ ಹಾಕಿಬಿಡುತ್ತವೆ. ಆಗ 4000 ಪಿಕ್ಸೆಲ್ ಎತ್ತರದ ಫೋಟೊ 55 ಇಂಚಿನ ಪುಟ ಆಗುತ್ತೆ. ಅಂದರೆ ನಾಲ್ಕೂವರೆ ಅಡಿ ಎತ್ತರದ ಮಾರ್ಕ್ಸ್ ಕಾರ್ಡ್! ಡಿಪಿಐ ನೋಡಿ ಕುಗ್ಗಿಸುವ ಸಾಧನ ‘ಇದು ಆಗಲೇ 72 ಇದೆಯಲ್ಲ, ಇನ್ನೇನು ಇಳಿಸೋದು’ ಅಂತ ಪಿಕ್ಸೆಲ್ ಮುಟ್ಟಲ್ಲ. ಸೈಜ್ ಇಳೀಲೇಬೇಕು ಅಂತ ನೀವು ಒತ್ತಾಯಿಸಿದಾಗ ಕ್ವಾಲಿಟಿಯನ್ನ ಮಾತ್ರ ಜಜ್ಜುತ್ತೆ.

ಪತ್ತೆ ಹಚ್ಚೋದು ಸುಲಭ. ಕಂಪ್ಯೂಟರ್‌ನಲ್ಲಿ ಅಡೋಬಿ ರೀಡರ್ ತೆರೆದು ಕಂಟ್ರೋಲ್ ಮತ್ತು ಡಿ ಒಟ್ಟಿಗೆ ಒತ್ತಿದರೆ ಪುಟದ ಅಳತೆ ಕಾಣುತ್ತೆ. ಎ4 ಅಂದರೆ 8.27 ಇಂಚು ಅಗಲ, 11.69 ಇಂಚು ಎತ್ತರ. ಅದರ ಬದಲು 40, 50 ಅಂತ ಕಂಡರೆ ಇದೇ ರೋಗ. ಮದ್ದು, ಪಿಡಿಎಫ್ ಮಾಡುವಾಗ ಪುಟದ ಅಳತೆ ಎ4 ಅಂತ ಆರಿಸೋದು. ಇಲ್ಲವೇ ಡಿಪಿಐ ಮರೆತು, ಮೇಲೆ ಹೇಳಿದಂತೆ ಪಿಕ್ಸೆಲ್ ಅಗಲ ನೋಡಿ ಇಳಿಸೋದು. ಡಿಪಿಐ ಸುಳ್ಳು ಹೇಳಬಹುದು, ಪಿಕ್ಸೆಲ್ ಹೇಳಲ್ಲ.

ಇದರ ಜೊತೆಗೇ ಇನ್ನೊಂದು ಮಾತು. ಪ್ರತಿ ಸಲ ಮೂಲ ಫೈಲ್‌ನಿಂದಲೇ ಶುರು ಮಾಡಿ. ಕುಗ್ಗಿಸಿದ್ದನ್ನ ಮತ್ತೆ ಕುಗ್ಗಿಸಿದರೆ, ಮೊದಲ ಸಲ ಎದ್ದ ಬೂದು ಚುಕ್ಕೆಗಳನ್ನೂ ಅದು ಅಕ್ಷರ ಅಂತಲೇ ತಿಳಿದು ಜೋಪಾನ ಮಾಡುತ್ತೆ. ತೂಕ ಇಳಿಯಲ್ಲ, ಗಲೀಜು ಹೆಚ್ಚುತ್ತೆ. ವಾಟ್ಸ್ಆ್ಯಪ್‌ನಲ್ಲಿ ಊರಿಂದ ಕಾಗದ ತರಿಸುವಾಗಲೂ ಫೋಟೊ ಆಗಿ ಬೇಡ, ‘ಡಾಕ್ಯುಮೆಂಟ್’ ಆಗಿ ಕಳಿಸೋಕೆ ಹೇಳಿ. ಫೋಟೊ ಆಗಿ ಬಂದರೆ ದಾರಿಯಲ್ಲೇ ಒಂದು ಸುತ್ತು ಕುಗ್ಗಿರುತ್ತೆ.

ಕಪ್ಪು ಬಿಳುಪಿನ ಆಸೆ

ಸ್ಕ್ಯಾನ್ ಆ್ಯಪ್‌ನಲ್ಲಿ ಗ್ರೇಸ್ಕೇಲ್ ಪಕ್ಕದಲ್ಲೇ ‘ಬ್ಲ್ಯಾಕ್ ಆ್ಯಂಡ್ ವೈಟ್’ ಅಂತ ಇನ್ನೊಂದಿರುತ್ತೆ. ಅದರಲ್ಲಿ ಬೂದು ಅನ್ನೋದೇ ಇಲ್ಲ, ಪ್ರತಿ ಪಿಕ್ಸೆಲ್ ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿ. ಸಾದಾ ಬಿಳಿ ಕಾಗದದ ಮೇಲೆ ಕಪ್ಪು ಶಾಯಿಯ ಮುದ್ರಣ ಇದ್ದರೆ ಇದು ಅದ್ಭುತ. 300 ಡಿಪಿಐ ಇಟ್ಟುಕೊಂಡೂ ಪುಟ 100 ಕೆಬಿ ದಾಟದೆ ನಿಲ್ಲಬಹುದು. ಪುಟ ಹೆಚ್ಚಿದ್ದು, ಬರೀ ಟೈಪ್ ಮಾಡಿದ ಪಠ್ಯ ಇದ್ದಾಗ ಇದನ್ನೇ ಬಳಸಿ.

ಮಾರ್ಕ್ಸ್ ಕಾರ್ಡ್‌ಗೆ, ಸೀಲು ಸಹಿ ಇರುವ ಕಾಗದಕ್ಕೆ ಬೇಡ. ಯಾವ ಬೂದನ್ನ ಕಪ್ಪು ಮಾಡಬೇಕು, ಯಾವುದನ್ನ ಬಿಳಿ ಮಾಡಬೇಕು ಅಂತ ಆ್ಯಪ್ ಒಂದು ಗೆರೆ ಎಳೆಯುತ್ತೆ. ಮಾಸಿದ ನೇರಳೆ ಸೀಲು, ತೆಳು ನೀಲಿ ಸಹಿ ಆ ಗೆರೆಯ ಆಚೆ ಬಿದ್ದು ಮಾಯ ಆಗುತ್ತವೆ. ಕಾಗದದ ಹಿಂದಿನ ವಿನ್ಯಾಸ ಈಚೆ ಬಿದ್ದು ಅಂಕಿಗಳ ಮೇಲೆ ಕಪ್ಪು ಪುಡಿ ಚೆಲ್ಲಿದಂತಾಗುತ್ತೆ.

ಇಲ್ಲೇ ಒಂದು ಹಳೆಯ ಸಂಗತಿ ಹೇಳಬೇಕು. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್, ಝೆರಾಕ್ಸ್ ವರ್ಕ್‌ಸೆಂಟರ್ ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಿಸುತ್ತಿವೆ ಅಂತ ತೋರಿಸಿದರು. ಒಂದು ಮನೆಯ ನಕ್ಷೆಯಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11, 17.42 ಚದರ ಮೀಟರ್ ಇದ್ದದ್ದು ಸ್ಕ್ಯಾನ್‌ನಲ್ಲಿ ಮೂರೂ 14.13 ಆಗಿತ್ತು. ಕಾರಣ, ಜೆಬಿಗ್2 ಅನ್ನುವ ಕುಗ್ಗಿಸುವ ವಿಧಾನ. ಒಂದೇ ಥರ ಕಾಣುವ ತುಣುಕುಗಳನ್ನ ಒಂದು ಸಲ ಮಾತ್ರ ಉಳಿಸಿ, ಉಳಿದ ಕಡೆ ಅದನ್ನೇ ಅಂಟಿಸಿದರೆ ಜಾಗ ಉಳಿಯುತ್ತೆ ಅನ್ನೋದು ಅದರ ಉಪಾಯ. ಅಕ್ಷರ ಸಣ್ಣದಾಗಿ, ಪಿಕ್ಸೆಲ್ ಕಡಿಮೆಯಾದಾಗ 6 ಮತ್ತು 8 ಅದಕ್ಕೆ ಒಂದೇ ಥರ ಕಂಡವು. ಕಂಪನಿ ಆಮೇಲೆ ತಂತ್ರಾಂಶ ಸರಿಪಡಿಸಿತು.

ಇದನ್ನ ಹೇಳಿದ್ದು ಹೆದರಿಸೋಕಲ್ಲ. ಆ ನಕ್ಷೆಯಲ್ಲಿ ಅಂಕಿಗಳು ಮಸುಕಾಗಿರಲಿಲ್ಲ, ಚೆನ್ನಾಗೇ ಕಾಣ್ತಿದ್ದವು. ತಪ್ಪಾಗಿದ್ದವು ಅಷ್ಟೇ. ಅದಕ್ಕೇ ಕುಗ್ಗಿಸಿದ ಮೇಲೆ ‘ಸ್ಪಷ್ಟವಾಗಿದೆ’ ಅಂತ ಕಣ್ಣಾಡಿಸಿದರೆ ಸಾಲದು. ಮೂಲ ಕಾಗದ ಕೈಯಲ್ಲಿ ಹಿಡಿದು ಅಂಕಿಗೆ ಅಂಕಿ ತಾಳೆ ನೋಡಬೇಕು.

ಕಳಿಸೋ ಮುಂಚೆ ಎರಡು ನಿಮಿಷ

ಪರೀಕ್ಷೆ ಹೀಗೆ ಮಾಡಿ. ಕುಗ್ಗಿಸಿದ ಫೈಲ್ ತೆರೆದು, ಪ್ರತಿ ಪುಟದ ಅತಿ ಸಣ್ಣ ಅಕ್ಷರ ಎಲ್ಲಿದೆ ಹುಡುಕಿ. ದೊಡ್ಡ ಹೆಸರು, ವಿಶ್ವವಿದ್ಯಾಲಯದ ಲಾಂಛನ ಎಷ್ಟು ಕುಗ್ಗಿಸಿದರೂ ಚೆನ್ನಾಗೇ ಕಾಣುತ್ತವೆ, ಅವನ್ನ ನಂಬಬೇಡಿ. ನೋಡಬೇಕಾದ್ದು ರಿಜಿಸ್ಟರ್ ನಂಬರ್, ದಿನಾಂಕ, ಪ್ರಮಾಣಪತ್ರದ ಸಂಖ್ಯೆ, ಸೀಲಿನ ಒಳಗಿನ ಬರಹ, ಕನ್ನಡದ ಒತ್ತುಗಳು. ಅಂಕಿಗಳಲ್ಲಿ 3 ಮತ್ತು 8, 5 ಮತ್ತು 6 ಇರುವ ಜಾಗ. ಸಾಧ್ಯವಾದರೆ ಆ ಕಾಗದ ನೋಡಿರದ ಇನ್ನೊಬ್ಬರ ಕೈಯಲ್ಲಿ ಓದಿಸಿ. ಚಿಕ್ಕಪ್ಪನ ಮಗಳ ಫೈಲನ್ನ ಅವಳ ಹಾಸ್ಟೆಲ್ ಗೆಳತಿ ಫೋನ್‌ನಲ್ಲಿ ಓದಿ ಹೇಳಿದಳು, ಇವಳು ಕಾಗದ ಹಿಡಿದು ತಾಳೆ ನೋಡಿದಳು. ಏಳು ಪುಟಕ್ಕೆ ಐದು ನಿಮಿಷ ಹಿಡಿಯಿತು.

ಅಪ್‌ಲೋಡ್ ಆದ ಮೇಲೆ ಅಲ್ಲೇ ‘ವ್ಯೂ’ ಬಟನ್ ಇದ್ದರೆ ಒತ್ತಿ, ಅವರ ಕಡೆ ಹೋಗಿ ಸೇರಿದ ಫೈಲ್ ಒಮ್ಮೆ ತೆರೆದು ನೋಡಿ. ಒಂಬತ್ತೂ ಪುಟ ಇದೆಯಾ, ಯಾವುದೂ ತಲೆಕೆಳಗಾಗಿಲ್ಲವಾ ಅಂತ ಆಗಲೇ ಗೊತ್ತಾಗುತ್ತೆ. ಇನ್ನು ಆನ್‌ಲೈನ್ ಕಂಪ್ರೆಸರ್‌ಗಳ ಬಗ್ಗೆ: ನಿಮ್ಮ ಆಧಾರ್, ಜಾತಿ ಪ್ರಮಾಣಪತ್ರ, ಸಹಿ ಎಲ್ಲ ಬೇರೆಯವರ ಕಂಪ್ಯೂಟರ್‌ಗೆ ಹೋಗಿ ಬರುತ್ತವೆ ಅನ್ನೋದು ಗಮನದಲ್ಲಿರಲಿ. ಮೇಲೆ ಹೇಳಿದ ಕೆಲಸ ಎಲ್ಲವನ್ನೂ ಇಂಟರ್‌ನೆಟ್ ಆರಿಸಿಟ್ಟು ಮಾಡಬಹುದಾದ ಆ್ಯಪ್‌ಗಳಿವೆ, ಅವನ್ನೇ ಆರಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದೊಂದು ಸಲ ಆಗೋದೇ ಇಲ್ಲ. ಇಪ್ಪತ್ತು ಪುಟದ ಕ್ರಯಪತ್ರ, ಮಿತಿ 500 ಕೆಬಿ ಅಂದರೆ ಪುಟಕ್ಕೆ 25 ಕೆಬಿ. ಗ್ರೇಸ್ಕೇಲ್‌ನಲ್ಲಿ ಓದುವ ಹಾಗೆ ಇಡೋಕೆ ಅದು ಸಾಲಲ್ಲ. ಬರೀ ಟೈಪ್ ಮಾಡಿದ ಪುಟಗಳಾದರೆ ಕಪ್ಪು ಬಿಳುಪಿನಲ್ಲಿ 200 ಡಿಪಿಐ ಇಟ್ಟು ನೋಡಬಹುದು. ಅದೂ ಆಗದಿದ್ದರೆ ಅಧಿಸೂಚನೆ ಮತ್ತೆ ಓದಿ. ಎಷ್ಟೋ ಸಲ ಅವರು ಕೇಳಿರೋದು ಮೊದಲ ಪುಟ, ಷೆಡ್ಯೂಲ್ ಇರುವ ಪುಟ, ಸಹಿ ಇರುವ ಪುಟ ಮಾತ್ರ ಆಗಿರುತ್ತೆ. ಪೂರ್ತಿ ಬೇಕು ಅಂತಲೇ ಇದ್ದರೆ ಗಡುವಿಗೆ ನಾಲ್ಕು ದಿನ ಇರುವಾಗಲೇ ಸಹಾಯವಾಣಿಗೆ ಮೇಲ್ ಹಾಕಿ, ಎರಡು ಫೈಲ್ ಮಾಡಿ ಹಾಕಬಹುದಾ ಅಂತ ಕೇಳಿ. ಆ ಮೇಲ್‌ನ ಪ್ರತಿ ಇಟ್ಟುಕೊಳ್ಳಿ.

ಮುಂದಿನ ಸಲ ‘ಫೈಲ್ ಸೈಜ್ ಹೆಚ್ಚಾಗಿದೆ’ ಅಂತ ಕೆಂಪಕ್ಷರ ಬಂದಾಗ ಮೊದಲು ಸ್ಕೇಲ್ ಹುಡುಕಿ, ಕಂಪ್ರೆಸ್ ಬಟನ್ ಆಮೇಲೆ. ಅತಿ ಸಣ್ಣ ಅಕ್ಷರ ಎಷ್ಟು ಮಿಲಿಮೀಟರ್ ಅಂತ ಗೊತ್ತಾದರೆ ಎಷ್ಟು ಪಿಕ್ಸೆಲ್ ಬೇಕು ಅಂತ ತಾನಾಗೇ ಗೊತ್ತಾಗುತ್ತೆ.